ವಿಟಿಯು ಮೊದಲ ಸೆಮಿಸ್ಟರ್: ಸಿಲಬಸ್ ಹಾಳೆ, ವೇಳಾಪಟ್ಟಿ, ಅಂಕ, ಹಾಜರಾತಿ – ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ತರಗತಿ ಶುರುವಾದ ಮೊದಲ ಎರಡು ವಾರ ನನ್ನ ಮೇಜಿನ ಸುತ್ತ ಇವೇ ಪ್ರಶ್ನೆಗಳು ಬರುತ್ತವೆ. ಎಲ್ಲ ಕೋರ್ಸುಗಳ ನಿಯಮವನ್ನೂ ಒಟ್ಟಿಗೆ ಹೇಳಿದರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿ ಒಂದೇ ಕೋರ್ಸನ್ನು ಹಿಡಿದುಕೊಂಡು ವಿವರಿಸಿದ್ದೇನೆ. ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್‌ನಲ್ಲಿ, ಅಂದರೆ ಆ ವರ್ಷ ಜಾರಿಗೆ ಬಂದ ಪಠ್ಯಕ್ರಮದಲ್ಲಿ, ಕಂಪ್ಯೂಟರ್ ಸೈನ್ಸ್ ಗುಂಪಿನವರಿಗಿದ್ದ ಭೌತವಿಜ್ಞಾನ. 2025ರಿಂದ ಸೇರಿದವರಿಗೆ ಬೇರೆ ಸ್ಕೀಮ್ ಇದೆ. ಅದರ ಕೋಡ್ BPHYS102. ಇದೊಂದನ್ನು ಸರಿಯಾಗಿ ಓದಲು ಬಂದರೆ ಉಳಿದ ಹಾಳೆಗಳನ್ನು ನೀವೇ ಓದಿಕೊಳ್ಳಬಲ್ಲಿರಿ.

ಈ ಪುಟದ ನಿಯಮಗಳು ನನಗೂ ಅನ್ವಯಿಸುತ್ತವೆಯೇ?

ಮೊದಲು ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಒಂದು, ನಿಮ್ಮ ಸ್ಕೀಮ್ ಯಾವುದು? ನೀವು ಪ್ರವೇಶ ಪಡೆದ ವರ್ಷಕ್ಕೆ ಯಾವ ಸ್ಕೀಮ್ ಜಾರಿಯಲ್ಲಿತ್ತೋ ಅದೇ ನಿಮ್ಮದು. ಸೀನಿಯರ್‌ಗಳ ನೋಟ್ಸ್ ಮೇಲಿರುವ ಕೋಡ್ ನಿಮ್ಮ ಕೋಡ್‌ಗಿಂತ ಬೇರೆಯಾಗಿದ್ದರೆ ಅವರ ಅಂಕದ ಲೆಕ್ಕವೂ ಬೇರೆ ಇರಬಹುದು. ಎರಡು, ನಿಮ್ಮ ಕಾಲೇಜು ಸ್ವಾಯತ್ತವೇ, ಅಲ್ಲವೇ? ಸ್ವಾಯತ್ತ ಕಾಲೇಜಿನಲ್ಲಿ ಪದವಿಯನ್ನು ವಿಟಿಯು ಕೊಟ್ಟರೂ ಪ್ರಶ್ನೆಪತ್ರಿಕೆ ಮತ್ತು ಒಳ ಅಂಕಗಳ ಹಂಚಿಕೆ ಕಾಲೇಜಿನದೇ ಆಗಿರುತ್ತದೆ. ಆಗ ಇಲ್ಲಿನ ಸಂಖ್ಯೆಗಳನ್ನು ಬಿಟ್ಟು, ಲೆಕ್ಕ ಮಾಡುವ ಕ್ರಮವನ್ನು ಮಾತ್ರ ತೆಗೆದುಕೊಳ್ಳಿ.

ಸಿಲಬಸ್ ಎಂದರೆ ಪಾಠಗಳ ಪಟ್ಟಿ ತಾನೇ? ಅದರಲ್ಲಿ ಓದಲು ಇನ್ನೇನಿದೆ?

ಪಿಯುಸಿಯಿಂದ ಬಂದವರು ಹಾಗೆಯೇ ತಿಳಿಯುತ್ತಾರೆ. ಹಾಳೆ ಕೈಗೆ ಬಂದ ಕೂಡಲೇ ಒಂದನೇ ಮಾಡ್ಯೂಲ್‌ಗೆ ಹಾರುತ್ತಾರೆ. ಅದರ ಮೇಲಿರುವ ಪುಟ್ಟ ಪಟ್ಟಿಯನ್ನೂ ಕೊನೆಯ ಪುಟದ ಮೌಲ್ಯಮಾಪನದ ವಿವರವನ್ನೂ ಯಾರೂ ನೋಡುವುದಿಲ್ಲ. ಸೆಮಿಸ್ಟರ್‌ನ ಕೊನೆಯಲ್ಲಿ ಕಣ್ಣೀರು ತರಿಸುವುದು ಹೆಚ್ಚಾಗಿ ಆ ಎರಡು ಜಾಗಗಳೇ.

ಮೇಲಿನ ಪಟ್ಟಿಯಲ್ಲಿ ಕೋರ್ಸ್ ಕೋಡ್, ವಾರದ ಗಂಟೆಗಳು, ಕ್ರೆಡಿಟ್, ಸಿಐಇ ಅಂಕ 50, ಎಸ್‌ಇಇ ಅಂಕ 50, ಪರೀಕ್ಷೆಯ ಅವಧಿ 3 ಗಂಟೆ ಎಂದು ಇರುತ್ತದೆ. ಸಿಐಇ ಎಂದರೆ ಸೆಮಿಸ್ಟರ್ ಉದ್ದಕ್ಕೂ ಕಾಲೇಜಿನಲ್ಲೇ ನಡೆಯುವ ನಿರಂತರ ಮೌಲ್ಯಮಾಪನ. ನಾವೆಲ್ಲ ಬಾಯಿಮಾತಿನಲ್ಲಿ ಇಂಟರ್ನಲ್ಸ್ ಎನ್ನುವುದು ಇದನ್ನೇ. ಎಸ್‌ಇಇ ಎಂದರೆ ವಿಶ್ವವಿದ್ಯಾಲಯ ನಡೆಸುವ ಸೆಮಿಸ್ಟರ್ ಅಂತ್ಯದ ಪರೀಕ್ಷೆ. ನಡುವೆ ಐದು ಮಾಡ್ಯೂಲ್‌ಗಳು ಬರುತ್ತವೆ: ಲೇಸರ್ ಮತ್ತು ಆಪ್ಟಿಕಲ್ ಫೈಬರ್, ಕ್ವಾಂಟಂ ಮೆಕ್ಯಾನಿಕ್ಸ್, ಕ್ವಾಂಟಂ ಕಂಪ್ಯೂಟಿಂಗ್, ವಸ್ತುಗಳ ವಿದ್ಯುತ್ ಗುಣಗಳು, ಕಂಪ್ಯೂಟಿಂಗ್‌ನಲ್ಲಿ ಭೌತವಿಜ್ಞಾನದ ಬಳಕೆ. ಒಂದೊಂದಕ್ಕೆ 8 ಗಂಟೆಯಂತೆ ಒಟ್ಟು 40 ಗಂಟೆ. ಇದರ ಜೊತೆಗೆ ಹತ್ತರಿಂದ ಹನ್ನೆರಡು ಲ್ಯಾಬ್ ಅವಧಿಗಳು.

L:T:P:S ಎಂಬಲ್ಲಿ 2:2:2:0 ಎಂದಿದೆ. ಅದು ಏನು?

ವಾರಕ್ಕೆ 2 ಗಂಟೆ ಪಾಠ, 2 ಗಂಟೆ ಟ್ಯುಟೋರಿಯಲ್, 2 ಗಂಟೆ ಲ್ಯಾಬ್ ಎಂದು ಅರ್ಥ. ಕೊನೆಯ ಸೊನ್ನೆ ಎಂದರೆ S ಭಾಗಕ್ಕೆ ಈ ಕೋರ್ಸಿನಲ್ಲಿ ಗಂಟೆಗಳಿಲ್ಲ ಎಂದು. ಪಾಠದ ಒಂದು ಗಂಟೆಗೆ ಒಂದು ಕ್ರೆಡಿಟ್ ಸಿಗುತ್ತದೆ. ಟ್ಯುಟೋರಿಯಲ್ ಮತ್ತು ಲ್ಯಾಬ್‌ನಲ್ಲಿ ಒಂದು ಕ್ರೆಡಿಟ್‌ಗೆ ಎರಡು ಗಂಟೆ ಬೇಕು. ಹಾಗಾಗಿ 2 + 1 + 1, ಒಟ್ಟು 4 ಕ್ರೆಡಿಟ್. ಸಿ ಭಾಷೆಯ ಪ್ರೋಗ್ರಾಮಿಂಗ್ ಕೋರ್ಸ್ 2:0:2 ಆಗಿರುವುದರಿಂದ ಅದಕ್ಕೆ 3 ಕ್ರೆಡಿಟ್.

ವೇಳಾಪಟ್ಟಿಯಲ್ಲಿ ಬಿ1, ಬಿ2 ಎಂದೆಲ್ಲ ಬರೆದಿದೆ. ಅದನ್ನು ಓದುವುದು ಹೇಗೆ?

ಬಿ1, ಬಿ2 ಎಂದರೆ ಲ್ಯಾಬ್ ಬ್ಯಾಚ್‌ಗಳು. ಇಡೀ ಸೆಕ್ಷನ್ ಒಟ್ಟಿಗೆ ಲ್ಯಾಬ್‌ನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಮಂಗಳವಾರ ಮಧ್ಯಾಹ್ನ ಬಿ1 ಭೌತವಿಜ್ಞಾನದ ಲ್ಯಾಬ್‌ನಲ್ಲಿದ್ದರೆ ಬಿ2 ಅದೇ ಹೊತ್ತಿಗೆ ಕಂಪ್ಯೂಟರ್ ಲ್ಯಾಬ್‌ನಲ್ಲಿರುತ್ತದೆ. ನಿಮ್ಮ ಬ್ಯಾಚನ್ನು ಮೊದಲ ದಿನವೇ ಖಚಿತಪಡಿಸಿಕೊಳ್ಳಿ. ತಪ್ಪು ಬ್ಯಾಚ್‌ನಲ್ಲಿ ಕುಳಿತು ಪ್ರಯೋಗ ಮಾಡಿದವರ ಹೆಸರು ಆ ದಿನದ ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗೆ ಹಾಜರಿಯೂ ಇಲ್ಲ, ಅಂಕವೂ ಇಲ್ಲ.

ಪಿ-ಸೈಕಲ್, ಸಿ-ಸೈಕಲ್ ಎಂಬ ಮಾತೂ ಕೇಳಿಬರುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಅರ್ಧದಷ್ಟು ಸೆಕ್ಷನ್‌ಗಳು ಭೌತವಿಜ್ಞಾನದ ಗುಂಪನ್ನೂ ಉಳಿದವು ರಸಾಯನವಿಜ್ಞಾನದ ಗುಂಪನ್ನೂ ಓದಿ, ಎರಡನೆಯ ಸೆಮಿಸ್ಟರ್‌ನಲ್ಲಿ ಅದಲುಬದಲಾಗುತ್ತವೆ. ಅದಕ್ಕೇ BPHYS102 ಕೋರ್ಸ್ ಎರಡನೆಯ ಸೆಮಿಸ್ಟರ್‌ನವರಿಗೆ BPHYS202 ಆಗಿ ಬರುತ್ತದೆ.

ಮೊದಲ ಇಂಟರ್ನಲ್ ಯಾವಾಗ? ಅಷ್ಟರಲ್ಲಿ ಎಷ್ಟು ಪಾಠ ಆಗಿರುತ್ತದೆ?

ಒಟ್ಟು ಮೂರು ಟೆಸ್ಟ್‌ಗಳಿವೆ. ಸಿಲಬಸ್‌ನ ಶೇ. 35–40 ಮುಗಿದ ಮೇಲೆ ಒಂದು, ಶೇ. 65–70 ಮುಗಿದ ಮೇಲೆ ಇನ್ನೊಂದು, ಕೊನೆಯದು ಬಹುತೇಕ ಎಲ್ಲ ಪಾಠವೂ ಮುಗಿದಾಗ. ಇದನ್ನು ವಾರಗಳ ಲೆಕ್ಕಕ್ಕೆ ಇಳಿಸಿ ನೋಡಿ. 40 ಗಂಟೆಯಲ್ಲಿ ಶೇ. 40 ಎಂದರೆ 16 ಗಂಟೆ, ಅಂದರೆ ಎರಡು ಮಾಡ್ಯೂಲ್. ಪಾಠ ಮತ್ತು ಟ್ಯುಟೋರಿಯಲ್ ಸೇರಿ ವಾರಕ್ಕೆ 4 ಗಂಟೆ. ರಜೆ ಅಡ್ಡ ಬರದಿದ್ದರೆ ನಾಲ್ಕು ವಾರ ಕಳೆಯುವ ಹೊತ್ತಿಗೆ ಮೊದಲ ಟೆಸ್ಟ್ ಎದುರಿಗೆ ನಿಂತಿರುತ್ತದೆ. ಹಾಸ್ಟೆಲ್‌ಗೆ ಹೊಂದಿಕೊಂಡು, ಬಸ್ ಮಾರ್ಗ ಕಲಿತು, ಗೆಳೆಯರು ಸಿಕ್ಕುವಷ್ಟರಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್ ಮುಗಿದಿರುತ್ತದೆ. ಗಣೇಶ ಹಬ್ಬ, ದಸರಾ ರಜೆಗಳು ಬಂದರೆ ದಿನಾಂಕ ಸ್ವಲ್ಪ ಮುಂದೆ ಹೋಗಬಹುದು. ಕಾಲೇಜಿನ ಶೈಕ್ಷಣಿಕ ಕ್ಯಾಲೆಂಡರ್‌ನಲ್ಲಿ ಮೂರೂ ದಿನಾಂಕಗಳು ಮೊದಲೇ ಅಚ್ಚಾಗಿರುತ್ತವೆ.

ಸಿಐಇಯ 50 ಅಂಕ ಹೇಗೆ ಕೂಡುತ್ತದೆ?

ಇದೇ ಈ ಪುಟದ ಮುಖ್ಯ ಭಾಗ, ನಿಧಾನವಾಗಿ ಓದಿ.

ಪಾಠ ಮತ್ತು ಲ್ಯಾಬ್ ಎರಡೂ ಒಂದೇ ಕೋಡ್‌ನಲ್ಲಿ ಸೇರಿರುವ ಇಂಥ ಕೋರ್ಸನ್ನು ಸಂಯೋಜಿತ ಕೋರ್ಸ್ ಎನ್ನುತ್ತಾರೆ. ಇದರಲ್ಲಿ ಪಾಠದ ಭಾಗಕ್ಕೆ 30, ಲ್ಯಾಬ್ ಭಾಗಕ್ಕೆ 20.

ಪಾಠದ ಭಾಗದಲ್ಲಿ ತಲಾ 20 ಅಂಕದ ಮೂರು ಟೆಸ್ಟ್‌ಗಳಿಂದ 60, ಅಸೈನ್‌ಮೆಂಟ್ ಅಥವಾ ಕ್ವಿಜ್‌ಗಳಿಂದ 20, ಒಟ್ಟು 80. ಈ 80ನ್ನು 30ಕ್ಕೆ ಇಳಿಸುತ್ತಾರೆ. ಲ್ಯಾಬ್ ಭಾಗದಲ್ಲಿ ಪ್ರಯೋಗ ನಡೆಸಿ ರೆಕಾರ್ಡ್ ಬರೆಯುವುದಕ್ಕೆ 15. ಸೆಮಿಸ್ಟರ್ ಕೊನೆಯಲ್ಲಿ 50 ಅಂಕಕ್ಕೆ ಒಂದು ಲ್ಯಾಬ್ ಟೆಸ್ಟ್ ಇರುತ್ತದೆ, ಅದನ್ನು 5ಕ್ಕೆ ಇಳಿಸುತ್ತಾರೆ.

ಒಬ್ಬ ವಿದ್ಯಾರ್ಥಿನಿಯ ಲೆಕ್ಕವನ್ನು ಇಟ್ಟುಕೊಂಡು ನೋಡೋಣ. ಟೆಸ್ಟ್‌ಗಳಲ್ಲಿ ಅವಳಿಗೆ 12, 9, 15 ಬಂದಿವೆ, ಅಸೈನ್‌ಮೆಂಟ್‌ನಲ್ಲಿ 17. ಒಟ್ಟು 53.

```
53 × 30 / 80 = 19.875  →  20
```

ರೆಕಾರ್ಡ್‌ಗೆ 13 ಬಂದಿದೆ. ಲ್ಯಾಬ್ ಟೆಸ್ಟ್‌ನಲ್ಲಿ 50ಕ್ಕೆ 30, ಅಂದರೆ 5ಕ್ಕೆ 3. ಲ್ಯಾಬ್ ಒಟ್ಟು 16. ಅವಳ ಸಿಐಇ 20 + 16 = 36.

ಈಗ ಇದೇ ಲೆಕ್ಕವನ್ನು ತಿರುಗಿಸಿ, ಎಲ್ಲಿ ಗಳಿಸಿದ ಒಂದು ಅಂಕ ಕೊನೆಗೆ ಎಷ್ಟಾಗಿ ಉಳಿಯುತ್ತದೆ ಎಂದು ಕೇಳಿ. ಟೆಸ್ಟ್‌ನ ಒಂದು ಅಂಕ ಅಂತಿಮ ನೂರರಲ್ಲಿ 0.375 ಆಗುತ್ತದೆ. ಅಸೈನ್‌ಮೆಂಟ್‌ನ ಒಂದು ಅಂಕಕ್ಕೂ ಅಷ್ಟೇ ಬೆಲೆ. ಲ್ಯಾಬ್ ಟೆಸ್ಟ್‌ನ ಒಂದು ಅಂಕ ಬರೀ 0.1. ರೆಕಾರ್ಡ್‌ನ ಒಂದು ಅಂಕ ಮಾತ್ರ ಪೂರ್ತಿ 1 ಆಗಿಯೇ ಉಳಿಯುತ್ತದೆ. ಕಷ್ಟಪಟ್ಟು ಟೆಸ್ಟ್‌ನಲ್ಲಿ ನಾಲ್ಕು ಅಂಕ ಹೆಚ್ಚು ಗಳಿಸಿದರೆ ಸಿಗುವುದು ಒಂದೂವರೆ ಅಂಕ. ರೆಕಾರ್ಡನ್ನು ತಡವಾಗಿ ಕೊಟ್ಟು ಎರಡು ಅಂಕ ಕಳೆದುಕೊಂಡರೆ ಆ ಗಳಿಕೆಗಿಂತ ಹೆಚ್ಚೇ ಹೋಯಿತು. ಪ್ರತಿ ಪ್ರಯೋಗಕ್ಕೂ ಅಂಕವನ್ನು ಅದೇ ದಿನ ಕೊಡಬೇಕು ಎಂಬ ನಿಯಮವಿದೆ. ಕೊನೆಯ ವಾರದಲ್ಲಿ ಗೆಳತಿಯ ರೆಕಾರ್ಡ್ ನೋಡಿ ಹನ್ನೆರಡು ಪ್ರಯೋಗಗಳನ್ನು ಒಂದೇ ರಾತ್ರಿ ಬರೆಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇಡೀ ಕೋರ್ಸಿನಲ್ಲಿ ಇಷ್ಟು ಸುಲಭವಾಗಿ, ಇಷ್ಟು ಪೂರ್ಣವಾಗಿ ದಕ್ಕುವ ಅಂಕ ಬೇರೆಲ್ಲೂ ಇಲ್ಲ.

ಒಟ್ಟು 40 ಬಂದರೆ ಪಾಸ್ ಅಲ್ಲವೇ?

ಅಲ್ಲ. ಅತಿ ಹೆಚ್ಚು ಜನ ತಪ್ಪು ತಿಳಿಯುವುದು ಇಲ್ಲಿಯೇ. ಅಂಕಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಕೊನೆಗೆ ಎಣಿಸುವ ಪದ್ಧತಿ ಇದಲ್ಲ. ಸಾಲಾಗಿ ಬಾಗಿಲುಗಳಿವೆ. ಒಂದೊಂದನ್ನೂ ಬೇರೆಯಾಗಿಯೇ ದಾಟಬೇಕು.

ಸಿಐಇಯ ಪಾಠದ ಭಾಗದಲ್ಲಿ 30ಕ್ಕೆ ಕನಿಷ್ಠ 12 ಬೇಕು, ಲ್ಯಾಬ್ ಭಾಗದಲ್ಲಿ 20ಕ್ಕೆ ಕನಿಷ್ಠ 8. ಲ್ಯಾಬ್‌ನಲ್ಲಿ 18 ತೆಗೆದು ಪಾಠದಲ್ಲಿ 10 ತೆಗೆದರೆ ಒಟ್ಟು 28 ಆಗುತ್ತದೆ, ಆದರೂ ಪರೀಕ್ಷೆಗೆ ಕೂರುವ ಅರ್ಹತೆ ಇಲ್ಲ. ಇವೆರಡನ್ನು ದಾಟಿದ ಮೇಲೆ ಎಸ್‌ಇಇಯಲ್ಲಿ ಶೇ. 35, ಅಂದರೆ 50ಕ್ಕೆ 18 ಬೇಕು. ಕೊನೆಗೆ ಸಿಐಇ ಮತ್ತು ಎಸ್‌ಇಇ ಕೂಡಿ ನೂರಕ್ಕೆ 40 ಆಗಬೇಕು.

ಮೇಲಿನ ವಿದ್ಯಾರ್ಥಿನಿಗೇ ಹಿಂತಿರುಗೋಣ. ಸಿಐಇ 36 ಇದೆ ಎಂಬ ಧೈರ್ಯದಲ್ಲಿ ಅವಳು ಪರೀಕ್ಷೆಗೆ ಅಷ್ಟಾಗಿ ಓದಲಿಲ್ಲ ಎಂದುಕೊಳ್ಳಿ. 100 ಅಂಕದ ಪತ್ರಿಕೆಯಲ್ಲಿ 32 ಬಂತು, ಅರ್ಧಕ್ಕೆ ಇಳಿದು 16 ಆಯಿತು. ಒಟ್ಟು 36 + 16 = 52. ನೂರಕ್ಕೆ 52 ಬಂದೂ ಫೇಲ್, ಏಕೆಂದರೆ 18ರ ಬಾಗಿಲನ್ನು ಅವಳು ದಾಟಿಲ್ಲ. ಪತ್ರಿಕೆಯಲ್ಲಿ ಇನ್ನು ನಾಲ್ಕು ಅಂಕ ಬಂದು 36 ಆಗಿದ್ದರೆ 18 ಆಗುತ್ತಿತ್ತು, ಒಟ್ಟು 54 ಬಂದು ಪಾಸಾಗುತ್ತಿದ್ದಳು.

ಎಸ್‌ಇಇ ಪತ್ರಿಕೆಯಲ್ಲಿ ಹತ್ತು ಪ್ರಶ್ನೆಗಳಿವೆಯಂತೆ. ನನಗಿಷ್ಟವಾದ ಐದನ್ನು ಬರೆಯಬಹುದೇ?

ಬರೆಯಲಾಗದು. ಪ್ರತಿ ಮಾಡ್ಯೂಲ್‌ನಿಂದ ತಲಾ 20 ಅಂಕದ ಎರಡು ಪ್ರಶ್ನೆಗಳಿರುತ್ತವೆ. ಆ ಎರಡರಲ್ಲಿ ಒಂದನ್ನು ಪೂರ್ತಿ ಬರೆಯಬೇಕು. ಆಯ್ಕೆ ಇರುವುದು ಮಾಡ್ಯೂಲ್‌ನ ಒಳಗೆ ಮಾತ್ರ. ಕ್ವಾಂಟಂ ಕಂಪ್ಯೂಟಿಂಗ್ ಅರ್ಥವಾಗಲಿಲ್ಲವೆಂದು ಅದನ್ನು ಬಿಟ್ಟು ಲೇಸರ್‌ನಿಂದ ಎರಡು ಪ್ರಶ್ನೆ ಬರೆದರೆ ಎರಡನೆಯ ಉತ್ತರ ಲೆಕ್ಕಕ್ಕೆ ಬರುವುದಿಲ್ಲ. ಒಂದು ಮಾಡ್ಯೂಲ್ ಬಿಟ್ಟವರು 80ಕ್ಕೆ ಬರೆಯುತ್ತಿದ್ದಾರೆ, ಎರಡು ಬಿಟ್ಟವರು 60ಕ್ಕೆ. 60ರಲ್ಲಿ 35 ತೆಗೆಯಬೇಕೆಂದರೆ ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸರಿ ಇರಬೇಕು. ಯಾವ ಮಾಡ್ಯೂಲನ್ನೂ ಪೂರ್ತಿ ಕೈಬಿಡಬೇಡಿ. ಕಷ್ಟವೆನಿಸಿದ ಮಾಡ್ಯೂಲ್‌ನಲ್ಲಿ ವ್ಯಾಖ್ಯೆ ಮತ್ತು ಒಂದು ಬಗೆಯ ಲೆಕ್ಕವನ್ನಾದರೂ ಕಲಿತಿದ್ದರೆ ಏಳೆಂಟು ಅಂಕ ಬರುತ್ತದೆ.

ಹಾಜರಾತಿ ಎಷ್ಟಿರಬೇಕು? ಶೇ. 75 ಸಾಕು ಎಂದು ಸೀನಿಯರ್‌ಗಳು ಹೇಳುತ್ತಾರೆ.

ನಿಯಮ ಹೇಳುವುದು ಶೇ. 85. ಅದೂ ಪ್ರತಿ ಕೋರ್ಸಿನಲ್ಲಿ ಬೇರೆ ಬೇರೆಯಾಗಿ. ಎಲ್ಲ ಕೋರ್ಸುಗಳ ಸರಾಸರಿ ತೆಗೆಯುವುದಿಲ್ಲ. ಗಣಿತದಲ್ಲಿ ಶೇ. 95 ಇದ್ದರೆ ಅದು ಭೌತವಿಜ್ಞಾನದ ಶೇ. 78ನ್ನು ಕಾಪಾಡುವುದಿಲ್ಲ.

ಶೇ. 75 ಎಂಬ ಮಾತು ಹುಟ್ಟಿರುವುದು ಕಂಡೊನೇಷನ್‌ನಿಂದ. ಕಾಯಿಲೆಯಂಥ ಒಪ್ಪತಕ್ಕ ಕಾರಣವಿದ್ದು, ದಾಖಲೆಯೂ ಇದ್ದರೆ, ಪ್ರಾಂಶುಪಾಲರ ಶಿಫಾರಸಿನ ಮೇಲೆ ಕುಲಪತಿಗಳು ಶೇ. 10ರವರೆಗಿನ ಕೊರತೆಯನ್ನು ಮನ್ನಿಸಬಹುದು. ಇದು ಅವರು ಕೊಡಬಹುದಾದ ರಿಯಾಯಿತಿ, ನಿಮ್ಮ ಹಕ್ಕಲ್ಲ. ಈ ಅಂತರವನ್ನು ಡೆಂಗಿ ಜ್ವರಕ್ಕೆ, ಮನೆಯಲ್ಲಿ ಬರುವ ಅನಿರೀಕ್ಷಿತಕ್ಕೆ ಮೀಸಲಿಡಿ. ಸೆಪ್ಟೆಂಬರ್‌ನಲ್ಲಿ ಸುಮ್ಮನೆ ತಪ್ಪಿಸಿಕೊಂಡು ಅದನ್ನು ಖರ್ಚು ಮಾಡಿದವರಿಗೆ ನವೆಂಬರ್‌ನಲ್ಲಿ ನಿಜವಾಗಿಯೂ ಜ್ವರ ಬಂದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಹಾಗಾದರೆ ಎಷ್ಟು ತರಗತಿ ತಪ್ಪಿಸಬಹುದು?

40 ಪಾಠದ ಗಂಟೆಗಳು ಮತ್ತು 12 ಲ್ಯಾಬ್‌ಗಳು ನಡೆದವು, ಲ್ಯಾಬನ್ನು ಒಂದು ಹಾಜರಿ ಎಂದೇ ಎಣಿಸಿದರು ಎಂದಿಟ್ಟುಕೊಳ್ಳಿ. ಒಟ್ಟು 52. ಇದರ ಶೇ. 85 ಎಂದರೆ 44.2, ಹಾಗಾಗಿ 45 ಬೇಕು. ಇಡೀ ಸೆಮಿಸ್ಟರ್‌ನಲ್ಲಿ ಏಳು ಮಾತ್ರ ತಪ್ಪಬಹುದು. ಲ್ಯಾಬನ್ನು ಎರಡು ಗಂಟೆಯಾಗಿ ಎಣಿಸುವ ಕಡೆ ಒಟ್ಟು 64 ಆಗುತ್ತದೆ, 55 ಬೇಕು, ಒಂಬತ್ತು ತಪ್ಪಬಹುದು. ಆದರೆ ಅಲ್ಲಿ ಒಂದು ಲ್ಯಾಬ್ ತಪ್ಪಿದರೆ ಎರಡು ಹೋದಂತೆ. ನಿಮ್ಮಲ್ಲಿ ಯಾವ ಎಣಿಕೆ ಎಂದು ಕೋರ್ಸ್ ಅಧ್ಯಾಪಕರನ್ನೇ ಕೇಳಿ.

ಏಳು ಎಂದರೆ ಸಾಕಷ್ಟು ಎನಿಸಬಹುದು. ವಾರಕ್ಕೆ ಐದು ಅವಧಿಗಳಿರುವ ಕೋರ್ಸಿನಲ್ಲಿ ಊರಿಗೆ ಹೋಗಿ ಒಂದು ವಾರ ಉಳಿದರೆ ಐದು ಮುಗಿಯಿತು. ಉಳಿದ ಮೂರು ತಿಂಗಳಿಗೆ ಎರಡು.

ಈಗ ಶಾರ್ಟೇಜ್ ಇದೆ. ಮುಂದೆ ಎಲ್ಲ ತರಗತಿಗೂ ಬಂದರೆ ಸರಿಹೋಗುತ್ತದೆಯೇ?

ಲೆಕ್ಕ ಮಾಡಿಯೇ ಹೇಳಬೇಕು. 20 ತರಗತಿ ನಡೆದಿವೆ, ನೀವು 14ಕ್ಕೆ ಬಂದಿದ್ದೀರಿ, ಶೇ. 70. ಇನ್ನು x ತರಗತಿ ತಪ್ಪದೇ ಬಂದರೆ:

```
(14 + x) / (20 + x) = 0.85
0.15x = 3
x = 20
```

ಸತತವಾಗಿ ಇಪ್ಪತ್ತು. ಮುಂದೆ ಇಪ್ಪತ್ತಕ್ಕಿಂತ ಹೆಚ್ಚು ತರಗತಿಗಳಿದ್ದರೆ ದಾರಿ ಇದೆ. ಇದೇ ಶೇ. 70 ನಿಮಗೆ 40 ತರಗತಿ ನಡೆದ ಮೇಲೆ ಎದುರಾದರೆ ಇನ್ನೂ 40 ತರಗತಿ ಬೇಕು, ಆದರೆ ಉಳಿದಿರುವುದು 12. ಆಗ ಎಷ್ಟೇ ಶಿಸ್ತಿನಿಂದ ಬಂದರೂ ತುಂಬುವುದಿಲ್ಲ. ನೆನಪಿಡಲು ಸುಲಭವಾದ ಅಳತೆ ಹೀಗಿದೆ: ತಪ್ಪಿಸಿದ ಒಂದು ತರಗತಿಯನ್ನು ಸರಿದೂಗಿಸಲು ಸುಮಾರು ಆರು ತರಗತಿಗೆ ಬಂದಿರಬೇಕು. ಹಾಜರಾತಿಯನ್ನು ನಾಲ್ಕನೇ ವಾರದಲ್ಲಿ ನೋಡಬೇಕು, ಹನ್ನೆರಡನೇ ವಾರದಲ್ಲಿ ಅಲ್ಲ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಹಾಜರಾತಿಯಲ್ಲಿ ನಿಂತು ಹೋಗುವುದಕ್ಕೂ ಪರೀಕ್ಷೆಯಲ್ಲಿ ಫೇಲಾಗುವುದಕ್ಕೂ ವ್ಯತ್ಯಾಸವೇನು?

ದೊಡ್ಡ ವ್ಯತ್ಯಾಸವಿದೆ. ಎಸ್‌ಇಇಯಲ್ಲಿ ಫೇಲಾದರೆ ನಿಮ್ಮ ಸಿಐಇ ಅಂಕ ಹಾಗೆಯೇ ಉಳಿಯುತ್ತದೆ. ಮುಂದಿನ ಅವಕಾಶದಲ್ಲಿ ಪರೀಕ್ಷೆಯೊಂದನ್ನು ಬರೆದರೆ ಸಾಕು. ಉತ್ತರಪತ್ರಿಕೆಯ ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿ ಅರ್ಜಿಯನ್ನೂ ಹಾಕಬಹುದು. ಹಾಜರಾತಿ ಅಥವಾ ಸಿಐಇ ಕೊರತೆಯಾದರೆ ಆ ಕೋರ್ಸಿನ ಪರೀಕ್ಷೆಗೇ ಪ್ರವೇಶವಿಲ್ಲ. ಆ ಕೋರ್ಸ್ ಮತ್ತೆ ನಡೆಯುವಾಗ ಹೊಸದಾಗಿ ನೋಂದಾಯಿಸಿಕೊಂಡು ಮೊದಲಿನಿಂದ ಶುರು ಮಾಡಬೇಕು. ಅಷ್ಟರಲ್ಲಿ ನಿಮ್ಮ ಗೆಳೆಯರು ಮುಂದಿನ ಸೆಮಿಸ್ಟರ್‌ನಲ್ಲಿರುತ್ತಾರೆ, ನಿಮ್ಮ ವೇಳಾಪಟ್ಟಿಯಲ್ಲಿ ಎರಡು ತರಗತಿಗಳು ಒಂದೇ ಹೊತ್ತಿಗೆ ಬಂದು ಕೂರುತ್ತವೆ.

ಎನ್‌ಸಿಸಿ ಶಿಬಿರ, ಕ್ರೀಡಾಕೂಟಕ್ಕೆ ಹೋದರೆ ಹಾಜರಿ ಸಿಗುತ್ತದೆಯೇ?

ಹೋಗುವ ಮೊದಲೇ ವಿಭಾಗದ ಮುಖ್ಯಸ್ಥರ ಸಹಿಯಿರುವ ಅನುಮತಿ ಪತ್ರ ಪಡೆಯಿರಿ. ಹಿಂತಿರುಗಿದ ವಾರದಲ್ಲೇ ಭಾಗವಹಿಸಿದ ಪ್ರಮಾಣಪತ್ರವನ್ನು ಸೇರಿಸಿ ಕೊಡಿ. ಎರಡು ತಿಂಗಳ ಬಳಿಕ ತರುವ ಪತ್ರವನ್ನು ಒಪ್ಪಿಸುವುದು ಕಷ್ಟ.

ಗ್ರೇಡ್ ಮತ್ತು ಎಸ್‌ಜಿಪಿಎ ಹೇಗೆ ಬರುತ್ತದೆ?

90 ಮತ್ತು ಮೇಲ್ಪಟ್ಟು O, ಅದಕ್ಕೆ 10 ಪಾಯಿಂಟ್. 80ರಿಂದ A+, 9 ಪಾಯಿಂಟ್. 70ರಿಂದ A, 8. 60ರಿಂದ B+, 7. ಅಲ್ಲಿಂದ ಕೆಳಗೆ ಮೆಟ್ಟಿಲು ಕಿರಿದಾಗುತ್ತದೆ: 55–59 B, 6 ಪಾಯಿಂಟ್, 50–54 C, 5, 40–49 P, 4. ಕೋರ್ಸಿನ ಕ್ರೆಡಿಟ್ಟನ್ನು ಪಾಯಿಂಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಸೆಮಿಸ್ಟರ್‌ನ ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ. ಈ ಸ್ಕೀಮ್‌ನ ಮೊದಲ ಸೆಮಿಸ್ಟರ್‌ನಲ್ಲಿ ಒಟ್ಟು 20 ಕ್ರೆಡಿಟ್.

ನಮ್ಮ ವಿದ್ಯಾರ್ಥಿನಿ 54 ತೆಗೆದು ಪಾಸಾದಳು ಎಂದುಕೊಳ್ಳಿ. C ಗ್ರೇಡ್, 4 × 5 = 20. ಒಂದೇ ಒಂದು ಅಂಕ ಹೆಚ್ಚಾಗಿ 55 ಆಗಿದ್ದರೆ B, 4 × 6 = 24. ಎಸ್‌ಜಿಪಿಎಯಲ್ಲಿ 4 ಭಾಗ 20, ಅಂದರೆ 0.2 ವ್ಯತ್ಯಾಸ. ರೆಕಾರ್ಡ್‌ನಲ್ಲಿ ಅವಳು 13ರ ಬದಲು 14 ಪಡೆದಿದ್ದರೆ ಸಾಕಿತ್ತು.

ಒಂದು ಕ್ರೆಡಿಟ್‌ನ ಇಂಗ್ಲಿಷ್, ಕನ್ನಡ ಕೋರ್ಸುಗಳನ್ನು ಕಡೆಗಣಿಸಬಹುದೇ?

ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ, ಸಂವಹನ ಇಂಗ್ಲಿಷ್ ಕೋರ್ಸುಗಳ ಪರೀಕ್ಷೆ 50 ಬಹುಆಯ್ಕೆ ಪ್ರಶ್ನೆಗಳದ್ದು, ಒಂದು ಗಂಟೆ. ಎಸ್‌ಜಿಪಿಎಯಲ್ಲಿ ಇವುಗಳ ಪಾಲು ಕಡಿಮೆ, ಆದರೆ ಹಾಜರಾತಿಯ ಶೇ. 85 ಇವಕ್ಕೂ ಅನ್ವಯಿಸುತ್ತದೆ. ವಾರಕ್ಕೆ ಒಂದೇ ತರಗತಿ ಇರುವುದರಿಂದ ಎರಡು ತಪ್ಪಿದರೆ ಅಂಚಿಗೆ ಬರುತ್ತೀರಿ, ಮೂರು ತಪ್ಪಿದರೆ ಶಾರ್ಟೇಜ್. ಪ್ರತಿ ವರ್ಷವೂ ಗಣಿತ, ಭೌತವಿಜ್ಞಾನಗಳಲ್ಲಿ ಸರಿಯಾಗಿದ್ದು ಇಂಥ ಕೋರ್ಸಿನಲ್ಲಿ ಸಿಕ್ಕಿಬೀಳುವವರನ್ನು ನೋಡುತ್ತೇನೆ. ಶನಿವಾರ ಬೆಳಗಿನ ತರಗತಿಯಾದರೆ ಇನ್ನೂ ಎಚ್ಚರವಿರಲಿ.

ಸಿಐಇ ಅಂಕ ತಪ್ಪಾಗಿ ದಾಖಲಾದರೆ ಏನು ಮಾಡಬೇಕು?

ಟೆಸ್ಟ್‌ನ ನೀಲಿ ಪುಸ್ತಿಕೆಯನ್ನು ತಿದ್ದಿ ಕೊಟ್ಟಾಗ ಅಲ್ಲಿಯೇ ಕುಳಿತು ಅಂಕ ಕೂಡಿ ನೋಡಿ. ಕೂಡುವಾಗ ಒಂದು ಪುಟ ಬಿಟ್ಟುಹೋಗುವುದು ನಮ್ಮ ಕೈಯಲ್ಲೂ ಆಗುತ್ತದೆ, ತೋರಿಸಿದರೆ ಯಾವ ಅಧ್ಯಾಪಕರೂ ಬೇಸರಪಡುವುದಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ಅಂತಿಮ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕುತ್ತಾರೆ ಅಥವಾ ನಿಮ್ಮ ಸಹಿಗೆ ಕೊಡುತ್ತಾರೆ. ಅದರಲ್ಲಿ ಮೂರೂ ಟೆಸ್ಟ್‌ಗಳ ಅಂಕ, ಅಸೈನ್‌ಮೆಂಟ್, ರೆಕಾರ್ಡ್, ಲ್ಯಾಬ್ ಟೆಸ್ಟ್ ಇವನ್ನು ನಿಮ್ಮ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡ ಸಂಖ್ಯೆಗಳೊಂದಿಗೆ ಹೋಲಿಸಿ, ಆಮೇಲೆ ಸಹಿ ಮಾಡಿ. ಪಟ್ಟಿ ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಹೋಗುವ ಮೊದಲು ತಿದ್ದುವುದು ಎರಡು ನಿಮಿಷದ ಕೆಲಸ. ಹೋದ ಮೇಲೆ ಅದಕ್ಕೆ ಪತ್ರ ವ್ಯವಹಾರವೇ ಬೇಕಾಗುತ್ತದೆ.